ಬಿಳಿ ಕಲ್ಲು ಮತ್ತು ಹುಣಸೆಹುಳಿ

ದುರ್ಗದಲ್ಲಿ ನಾನು ಮನೆ ಕಟ್ಟಿಸುವಾಗ ಅವ್ವ ಯಾವುದಕ್ಕೂ ಬಾಯಿ ಹಾಕಲಿಲ್ಲ. ಬಾಗಿಲು, ಬಣ್ಣ, ನೆಲ, ಎಲ್ಲಕ್ಕೂ ‘ನಿಂಗೆ ಗೊತ್ತಾಗುತ್ತೆ ಬಿಡು’ ಎಂದಳು. ಅಡುಗೆಕಟ್ಟೆಗೆ ಬಿಳಿ ಮಾರ್ಬಲ್ ಹಾಕಿಸುತ್ತೇನೆ ಎಂದಾಗ ಮಾತ್ರ ಮೊರದಲ್ಲಿದ್ದ ರಾಗಿಯಿಂದ ತಲೆ ಎತ್ತಿದಳು.

“ಬಿಳೀದಾ? ಅದರ ಮ್ಯಾಲೆ ಅಡುಗೆ ಮಾಡೋರು ಯಾರು?”

“ನಾವೇ ಕಣವ್ವ.”

“ನಾವು ಅನ್ಬ್ಯಾಡ. ನೀನು ಇಸ್ಕೂಲಿಗೆ ಹೋಗ್ತೀಯ, ಮಾಡೋಳು ನಾನು. ಹೆದರ್ಕಂಡು ಮುದ್ದೆ ಕಟ್ಟಾಕೆ ನನ್ ಕೈಲಾಗಲ್ಲ. ಅದನ್ನ ಹಾಕಿಸಿದ್ರೆ ನಾನು ಹಿತ್ತಲಾಗೇ ಮೂರು ಕಲ್ಲು ಇಟ್ಕಂಡು ಒಲೆ ಹಚ್ತೀನಿ.”

ಅವಳು ಹೇಳಿದ್ದನ್ನು ಮಾಡುವ ಹೆಂಗಸು. ಅದು ನನಗೆ ಗೊತ್ತಿತ್ತು. ಆದರೂ ನನಗೆ ಬಿಳಿಯದೇ ಬೇಕಿತ್ತು. ಅದಕ್ಕೆ ಒಂದು ಹಳೆಯ ಕಾರಣವಿತ್ತು.

ನಾನು ತುರುವನೂರಿನಿಂದ ಬಸ್ಸು ಹಿಡಿದು ದುರ್ಗದ ಕಾಲೇಜಿಗೆ ಬರುತ್ತಿದ್ದ ಕಾಲ. ನಮ್ಮ ಮನೆಯಲ್ಲಿ ನನಗಿಂತ ಮೊದಲು ಯಾರೂ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಒಂದು ದಿನ ಜೊತೆಗೆ ಓದುತ್ತಿದ್ದವಳು ತನ್ನ ಮನೆಗೆ ಕರೆದುಕೊಂಡು ಹೋದಳು. ನಿಂತು ಅಡುಗೆ ಮಾಡುವ ಬಿಳಿ ಕಲ್ಲಿನ ಕಟ್ಟೆಯನ್ನು ನಾನು ನೋಡಿದ್ದು ಅದೇ ಮೊದಲು. ಅವರಮ್ಮ ನಿಂಬೆಹಣ್ಣಿನ ಶರಬತ್ತು ಕೊಟ್ಟರು. ಕುಡಿದು ಗ್ಲಾಸನ್ನು ಕಟ್ಟೆಯ ಮೇಲಿಟ್ಟೆ. ಇಟ್ಟ ಕೈ ತೆಗೆಯುವಷ್ಟರಲ್ಲಿ ಆಕೆ ಓಡಿಬಂದು ಗ್ಲಾಸು ಎತ್ತಿ, ಆ ಜಾಗವನ್ನು ಒದ್ದೆ ಬಟ್ಟೆಯಿಂದ ಒಮ್ಮೆ, ಒಣ ಬಟ್ಟೆಯಿಂದ ಒಮ್ಮೆ ಒರೆಸಿದರು. ಬಸ್ಸಿನಲ್ಲಿ ಊರಿಗೆ ಬರುವ ದಾರಿಯುದ್ದಕ್ಕೂ ನನ್ನ ಕಣ್ಣಮುಂದೆ ಆ ಬಟ್ಟೆಯೇ ಇತ್ತು. ನಾನು ಮುಟ್ಟಿದ್ದನ್ನು ಒರೆಸಿದರು ಎಂದುಕೊಂಡೆ. ನನಗೂ ಒಂದು ದಿನ ಅಂಥದ್ದೇ ಕಟ್ಟೆ ಇರುತ್ತದೆ, ಅದರ ಮೇಲೆ ಯಾರು ಬೇಕಾದರೂ ಗ್ಲಾಸು ಇಡಬಹುದು ಎಂದು ಅಂದೇ ತೀರ್ಮಾನಿಸಿದ್ದೆ. ಇದನ್ನು ಅವ್ವನಿಗೆ ಯಾವತ್ತೂ ಹೇಳಿರಲಿಲ್ಲ.

ಹಿರಿಯೂರಿನ ಕಡೆ ಹೆದ್ದಾರಿ ಪಕ್ಕ ಕಲ್ಲಿನ ಅಂಗಡಿಯೊಂದಿದೆ. ಒಂದು ಭಾನುವಾರ ಅವ್ವನನ್ನೂ ಕರೆದುಕೊಂಡು ಹೋದೆ. ಆಳೆತ್ತರದ ಚಪ್ಪಡಿಗಳನ್ನು ಸಾಲಾಗಿ ಒರಗಿಸಿ ನಿಲ್ಲಿಸಿದ್ದರು. ಅಂಗಡಿಯವರು “ಬರ್ರಿ ಮೇಡಂ, ಕುಂತ್ಕಳ್ರಿ ಅಮ್ಮ” ಎಂದು ಕುರ್ಚಿ ಎಳೆದರು. ಅವ್ವ ಕೂರಲಿಲ್ಲ. ಸಂತೆಯಲ್ಲಿ ಎಮ್ಮೆ ನೋಡುವವಳಂತೆ ಒಂದೊಂದು ಚಪ್ಪಡಿಯನ್ನೂ ತಟ್ಟುತ್ತಾ ಹೊರಟಳು.

ಅವರು ಮೊದಲು ತೋರಿಸಿದ್ದು ಕ್ವಾರ್ಟ್ಜ್. “ನೋಡ್ರಿ ಅಮ್ಮ, ಇದಕ್ಕೆ ಎಣ್ಣೆ, ಸಾರು ಯಾವ್ದೂ ಇಳಿಯಲ್ಲ. ಅರಿಶಿನ ಚೆಲ್ಲಿದ್ರೂ ಆಗಿಂದಾಗ್ಲೇ ಒರೆಸಿದ್ರೆ ಮುಗೀತು.”

“ಮುದ್ದೆ ಪಾತ್ರೆ ಒಲೆಯಿಂದ ಇಳಿಸಿ ಇಡಬೋದಾ?”

“ಅಷ್ಟು ಬಿಸೀದು ನೇರ ಇಡಬ್ಯಾಡ್ರಿ. ಕಲ್ಲಿನ ಪುಡಿಗೆ ಅಂಟು ಸೇರ್ಸಿ ಒತ್ತಿ ಮಾಡಿರ್ತಾರೆ. ಕಲ್ಲಿಗೇನೂ ಆಗಲ್ಲ, ಅಂಟು ಸುಟ್ಟು ಕಲೆ ನಿಂತ್ಕಂತೈತೆ. ಕೆಳಗೊಂದು ಮಣೆ ಇಟ್ಕಬೇಕು.”

ಬೆಲೆ ಕೇಳಿ ಅವ್ವ ನನ್ನ ಕಡೆ ತಿರುಗಿದಳು. “ಪುಡಿ ಮಾಡಿ ಅಂಟ್ಸಿರೋದಕ್ಕೆ ಇಡೀ ಕಲ್ಲಿಗಿಂತ ಜಾಸ್ತಿಯಂತೆ ಕಣೇ!”

ಅಂಗಡಿಯವರು ನಕ್ಕು, ಸ್ಟೀಲಿನ ಹಾಳೆ ತೋರಿಸಿದರು. ಕಲೆ ಕೂರುವುದಿಲ್ಲ, ಬಿಸಿಗೆ ಹೆದರುವುದಿಲ್ಲ, ಹೋಟೆಲಿನವರು ಅದನ್ನೇ ಹಾಕಿಸಿಕೊಳ್ಳುತ್ತಾರೆ. ಆದರೆ ಗೀರು ಬೀಳುತ್ತದೆ, ಭಾರದ್ದು ಬಿದ್ದರೆ ತಗ್ಗಾಗುತ್ತದೆ ಎಂದರು. ಅವ್ವ ಬೆರಳಿನ ಗೆಣ್ಣಿನಿಂದ ಕುಟ್ಟಿದಳು. ಢಣ್ ಎಂದಿತು. ನನಗೆ ಬಿ.ಎಡ್. ಓದುವಾಗಿನ ಹಾಸ್ಟೆಲ್ಲಿನ ಸಾಲು, ತಟ್ಟೆಗಳ ಸದ್ದು ನೆನಪಾಗಿ “ಇದು ಬೇಡ” ಎಂದೆ. ಆ ಒಂದು ವಿಷಯದಲ್ಲಿ ಇಬ್ಬರದೂ ಒಂದೇ ಮಾತಾಯಿತು.

ಗ್ರಾನೈಟಿನ ಮುಂದೆ ಅವ್ವ ತುಂಬಾ ಹೊತ್ತು ನಿಂತಳು. ಕರೀ ಕಲ್ಲು.

“ಇದಕ್ಕೆ ಬಿಸಿ ಲೆಕ್ಕಕ್ಕಿಲ್ರಿ” ಎಂದರು ಅಂಗಡಿಯವರು. “ತಿಳಿ ಬಣ್ಣದ್ದಾದ್ರೆ ಎಣ್ಣೆ ಹೀರ್ತೈತೆ, ಅದಕ್ಕೊಂದು ಕೋಟ್ ಹೊಡೀಬೇಕು. ಕರೀದು ಅಷ್ಟಾಗಿ ಹೀರಲ್ಲ. ಮ್ಯಾಲೇ ಇಟ್ಟು ತರಕಾರಿ ಹೆಚ್ಚಿದ್ರೆ ಮಾತ್ರ ಚಾಕು ಮೊಂಡಾಗ್ತೈತೆ.”

“ನಾನು ಹೆಚ್ಚೋದು ನೆಲದಾಗೆ ಕುಂತು, ಈಳಿಗೆಮಣೇಲಿ. ನಿಮ್ ಚಾಕು ನೀವೇ ಇಟ್ಕಳ್ರಿ.”

ನಾನು ಸೋಲಲು ತಯಾರಿರಲಿಲ್ಲ. ಮನೆಯ ಬೆಳಕಿನಲ್ಲಿ ನೋಡಬೇಕು ಎಂದು ಹೇಳಿ ಮಾರ್ಬಲ್ಲಿನದೊಂದು, ಕರೀ ಗ್ರಾನೈಟಿನದೊಂದು ತುಂಡು ಇಸಿದುಕೊಂಡು ಬಂದೆ. ಬಾಡಿಗೆ ಮನೆಯ ಕಿಟಕಿಯ ಕೆಳಗೆ ಅಕ್ಕಪಕ್ಕ ಇಟ್ಟೆ. ಬಿಳಿಯದು ಬೆಣ್ಣೆಯಂತೆ ಹೊಳೆಯಿತು. ‘ನೋಡು’ ಎಂದೆ. ಅವ್ವ ಎರಡನ್ನೂ ತಟ್ಟಿ ನೋಡಿದಳು.

ಮಾರನೆಯ ದಿನ ಸೋಮವಾರ. ಸೋಮವಾರ ನಮ್ಮ ಮನೆಯಲ್ಲಿ ಹಿತ್ತಾಳೆ ದೀಪಗಳನ್ನು ಹುಣಸೆಹುಳಿ ಹಚ್ಚಿ ತಿಕ್ಕುವುದು ಮೊದಲಿನಿಂದಲೂ ಬಂದದ್ದು. ಸಂಜೆ ನಾನು ಶಾಲೆಯಿಂದ ಬಂದಾಗ ದೀಪಗಳು ಥಳಥಳ ಹೊಳೆಯುತ್ತಿದ್ದವು. ಮಾರ್ಬಲ್ ತುಂಡಿನ ಮೇಲೆ ಎರಡು ದುಂಡನೆಯ ಗುರುತುಗಳಿದ್ದವು. ಹುಳಿ ಹಚ್ಚಿದ ದೀಪಗಳನ್ನು ಅವ್ವ ಎರಡು ಕಲ್ಲಿನ ಮೇಲೂ ನೆನೆಯಲು ಇಟ್ಟಿದ್ದಳು. ಕರೀ ಕಲ್ಲು ಹಾಗೇ ಇತ್ತು.

ಸೋಪು ಹಾಕಿ ಉಜ್ಜಿದೆ. ಸೋಡಾಪುಡಿ ಹಾಕಿದೆ. ಕಂದುಬಣ್ಣ ಹೋಯಿತು, ಗುರುತು ಹೋಗಲಿಲ್ಲ. ಬೆರಳಾಡಿಸಿದರೆ ಆ ಜಾಗ ತರಿತರಿಯಾಗಿತ್ತು.

“ಉಜ್ಜಿದ್ರೆ ಹೋಗಲ್ಲ ಕಣವ್ವ” ಎಂದಳು ಅವ್ವ. “ಅದು ಕಲೆಯಲ್ಲ, ಹುಳಿ ಕಲ್ಲನ್ನೇ ತಿಂದೈತೆ. ಇದು ಸುಣ್ಣದ ಜಾತೀದು.”

“ನಿಂಗೆಂಗೆ ಗೊತ್ತು?”

“ಸುಣ್ಣಕಲ್ಲು ಸುಟ್ಟು ಗೋಡೆ ಬಳಿದೋಳು ನಾನು. ನಂಗೆ ಗೊತ್ತಾಗದೆ ನಿಮ್ ಹೆಡ್‌ಮಾಸ್ಟ್ರಿಗೆ ಗೊತ್ತಾಗುತ್ತಾ?”

ನಾನು ಹತ್ತನೇ ತರಗತಿಗೆ ವಿಜ್ಞಾನ ಹೇಳುವವಳು. ಅಮೃತಶಿಲೆ ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಆಮ್ಲ ಬಿದ್ದರೆ ಕರಗುತ್ತದೆ ಎಂದು ಪ್ರತಿವರ್ಷ ಬೋರ್ಡಿನ ಮೇಲೆ ಸಮೀಕರಣ ಬರೆಯುತ್ತೇನೆ. ಅಷ್ಟು ಕಷ್ಟಪಟ್ಟು ಪಡೆದ ಬಿ.ಎಸ್ಸಿ. ಅಂಗಡಿಯ ಬಾಗಿಲಲ್ಲೇ ಉಳಿದುಹೋಗಿತ್ತು.

ಆಗ ಆ ನಿಂಬೆ ಶರಬತ್ತು ನೆನಪಾಯಿತು. ಗೆಳತಿಯ ಅಮ್ಮ ಓಡಿಬಂದದ್ದು ನನ್ನ ಕೈಗೆ ಹೆದರಿಯೋ, ನಿಂಬೆ ರಸಕ್ಕೆ ಹೆದರಿಯೋ? ಖಂಡಿತವಾಗಿ ಹೇಳಲಾರೆ. ಒದ್ದೆ ಬಟ್ಟೆ, ಆಮೇಲೆ ಒಣ ಬಟ್ಟೆ. ಬಹುಶಃ ಆಕೆ ತನ್ನ ಮಕ್ಕಳು ಇಟ್ಟ ಗ್ಲಾಸಿನ ಹಿಂದೆಯೂ ಹಾಗೇ ಓಡುತ್ತಿದ್ದರೇನೋ. ಇಷ್ಟು ವರ್ಷ ಹೊತ್ತುಕೊಂಡಿದ್ದನ್ನು ಆ ಸಂಜೆ ಅವ್ವನಿಗೆ ಹೇಳಿದೆ. ಅವಳು ಕೈಯಲ್ಲಿದ್ದ ದೀಪವನ್ನು ಒರೆಸುತ್ತಲೇ ಕೇಳಿ, “ಪಾಪ, ಎಷ್ಟು ವರ್ಷ ಒರೆಸ್ತಾಳೋ ಆ ಯಮ್ಮ” ಎಂದಳು.

ಕರೀ ಗ್ರಾನೈಟ್ ಬಂತು. ನಾಲ್ಕರಲ್ಲಿ ಅಗ್ಗದ್ದೂ ಅದೇ. ಮೊದಲ ದಿನ ಅವ್ವ ಹೊಗೆಯಾಡುವ ಪಾತ್ರೆಯನ್ನು ಒಲೆಯಿಂದ ಎತ್ತಿ ಧಪ್ಪೆಂದು ಕಲ್ಲಿನ ಮೇಲೆ ಇಟ್ಟಳು. ನಾನು ಬಗ್ಗಿ ನೋಡಿದೆ. ಕಲ್ಲಿಗೆ ಏನೂ ಆಗಲಿಲ್ಲ. ನೀರು ಚಿಮುಕಿಸಿ, ಕಲ್ಲಿನ ಮೇಲೇ ಮುದ್ದೆ ಉರುಳಿಸಿ ಕಟ್ಟಿದಳು.

ತುರುವನೂರಿನ ಮನೆಯಲ್ಲಿ ಒಲೆಯ ಪಕ್ಕ ಇಂಥದ್ದೇ ಒಂದು ಕರೀ ಹಾಸುಗಲ್ಲು ಇತ್ತು. ಸ್ಲೇಟು ಒಡೆದ ವರ್ಷ ನಾನು ಮಗ್ಗಿ ಕಲಿತದ್ದು ಅದರ ಮೇಲೆ. ನಾನು ಬರೆಯುತ್ತಿದ್ದೆ. ಮುದ್ದೆ ಕಟ್ಟುವ ಹೊತ್ತಾದರೆ ಅವ್ವ ತೊಳೆದುಬಿಡುತ್ತಿದ್ದಳು. ಊಟ ಆದಮೇಲೆ ಮತ್ತೆ ಬರೆಯುತ್ತಿದ್ದೆ. ನಾನು ಬರೆದದ್ದು ಏನೆಂದು ಅವಳಿಗೆ ಓದಲು ಬರುತ್ತಿರಲಿಲ್ಲ. ಆದರೂ ತೊಳೆಯುವ ಮೊದಲು “ಆಯ್ತಾ?” ಎಂದು ಕೇಳುತ್ತಿದ್ದಳು.

ಊಟ ಮುಗಿಸಿ ಅವ್ವ ಕಟ್ಟೆ ತೊಳೆದಳು. ಕಿಟಕಿಯ ಕಡೆಯ ಮೂಲೆಯನ್ನು ಸೆರಗಿನಿಂದ ಒರೆಸಿ ಒಣಗಿಸಿದಳು.

“ಇಕಾ, ಈ ಮೂಲೆ ನಿಂದು. ನಿನ್ ಪೇಪರ್ ತಂದು ತಿದ್ಕ. ನಾನು ಕೇಳದೆ ತೊಳಿಯಲ್ಲ.”