ಹಳ್ಳದ ನೀರಿನ ಮೂರನೆಯ ಸುದ್ದಿ

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕುಳಿತು, ಬೇರೆ ಏನನ್ನೋ ಬರೆದು ಎದ್ದಿದ್ದೇನೆ. ಹೆಂಡತಿಗೂ ಹೇಳಿರಲಿಲ್ಲ. ಈಗ ಕೇಳಲು ಅವಳಿಲ್ಲ. ಹಾಗಾಗಿ ಕಾಗದಕ್ಕೆ ಹೇಳುತ್ತಿದ್ದೇನೆ.

ಹೈಸ್ಕೂಲು ಮುಗಿಸಿದ ಮೇಲೆ ದಾವಣಗೆರೆಯ ಪಾರ್ಕಿನಲ್ಲಿದ್ದ ರೇಡಿಯೋ ಕೋಣೆಯಲ್ಲಿ ನನಗೆ ಕೆಲಸ ಸಿಕ್ಕಿತು. ಮನೆಮನೆಗೆ ರೇಡಿಯೋ ಇಲ್ಲದ ಕಾಲ. ಕೋಣೆಯೊಳಗೆ ಒಂದು ದೊಡ್ಡ ಸೆಟ್ಟು, ಒಂದು ಮೈಕು. ಹೊರಗೆ ಕಂಬದ ಮೇಲೆ, ಬಸ್ ಸ್ಟ್ಯಾಂಡಿನಲ್ಲಿ, ಮಾರ್ಕೆಟ್ಟಿನಲ್ಲಿ ಹಾರ್ನುಗಳು. ಬೆಳಿಗ್ಗೆ ಆಕಾಶವಾಣಿಯ ವಂದನೆ, ವಾರ್ತೆ, ಹಾಡುಗಳನ್ನು ಊರಿಗೆಲ್ಲ ಕೇಳಿಸುತ್ತಿದ್ದೆವು. ನಡುವೆ ವಾದ್ಯಸಂಗೀತ ಬಂದಾಗ ಸೆಟ್ಟಿನ ದನಿ ತಗ್ಗಿಸಿ, ಮೈಕು ಹಚ್ಚಿ, ನಮ್ಮ ಊರಿನ ಮಳೆ ಮತ್ತು ರಸ್ತೆಯ ಸುದ್ದಿ ಹೇಳುವುದು. ಬಸ್ಸುಗಳು ಹೊರಡುವ ಹೊತ್ತಿಗೆ ಸರಿಯಾಗಿ ಬೆಳಿಗ್ಗೆ ಮೂರು ಸಲ.

ಕೋಣೆಯ ಹಿರಿಯರು ನನಗೆ ಕಲಿಸಿದ್ದು ಇಷ್ಟೇ. ಒಂದು ಉಸಿರಿನಲ್ಲಿ ಮುಗಿಯಬೇಕು. ಮೂರೂ ಸಲ ಒಂದೇ ಮಾತು ಹೇಳಿದರೆ ಜನ ಕಿವಿ ಮುಚ್ಚಿಕೊಳ್ಳುತ್ತಾರೆ, ಮಾತು ಬದಲಿಸಬೇಕು. ಬದಲಾದದ್ದು ಮೊದಲು, ಬದಲಾಗದ್ದು ಆಮೇಲೆ. ಆದರೆ ಪ್ರತಿ ಸಲವೂ ಮೈಕು ಮುಟ್ಟುವ ಮುಂಚೆ ಬಸ್ ಸ್ಟ್ಯಾಂಡಿಗೆ ಹೋಗಿ, ಆಗತಾನೇ ಬಂದ ಡ್ರೈವರನ್ನು ಕೇಳಿ ಬರಬೇಕು.

"ಮಾತು ಹೊಸದು ಮಾಡೋದು ಸಲೀಸು ತಮ್ಮಾ, ಸುದ್ದಿ ಹೊಸದಿರಬೇಕು" ಎನ್ನುತ್ತಿದ್ದರು.

ನಂದಿಗುಡಿಯಲ್ಲಿ ರಾತ್ರಿ ತಂಗಿ, ಹೊಳೆದಂಡೆಯ ದಾರಿಯಲ್ಲಿ ಹರಿಹರಕ್ಕೆ ಬಂದು, ಅಲ್ಲಿಂದ ನಮ್ಮೂರಿಗೆ ಬರುವ ಬಸ್ಸಿನ ಡ್ರೈವರೇ ನಮ್ಮ ಮುಖ್ಯ ಆಧಾರ. ಆ ದಾರಿಗೆ ಒಂದು ಹಳ್ಳ ಅಡ್ಡ. ತುಂಗಭದ್ರೆ ಏರಿದರೆ ಹೊಳೆಯ ನೀರು ಹಿಂದಕ್ಕೆ ತಳ್ಳಿ ಹಳ್ಳ ಉಬ್ಬುತ್ತಿತ್ತು. ಡ್ರೈವರ್ ನನ್ನನ್ನು ಕಂಡರೆ ಸಾಕು, ಸ್ಟೇರಿಂಗ್ ಹಿಂದಿನಿಂದಲೇ ಶುರು.

"ಏನ್ ರೇಡಿಯೋ ತಮ್ಮ, ಇವತ್ತು ಮಳೆ ಬರುತ್ತೋ ಇಲ್ಲೋ?"

"ನೀವೇ ಹೇಳ್ಬೇಕಣ್ಣ, ನೆನ್ಕಂಡು ಬಂದೀರಿ."

"ಹಂಗಾರೆ ಸಂಬಳ ನಂಗೆ ಕೊಡ್ಸು."

ಅದು ಮಳೆಗಾಲದ ನಡುವಿನ ಒಂದು ದಿನ. ಹಿರಿಯರಿಗೆ ಜ್ವರ; ನಾನೊಬ್ಬನೇ. ನಮ್ಮ ಓಣಿಯ ಅಕ್ಕ ಒಬ್ಬರಿಗೆ ಆ ಹಳ್ಳದಾಚೆಯ ಕೊಕ್ಕನೂರಿನ ಶಾಲೆಯಲ್ಲಿ ಮೇಷ್ಟ್ರ ಕೆಲಸದ ಆರ್ಡರ್ ಬಂದಿತ್ತು. ಹಾಜರಾಗಲು ಅದೇ ಕೊನೆಯ ದಿನ. ಶಾಲೆಯ ಮಧ್ಯಾಹ್ನದ ಗಂಟೆ ಹೊಡೆಯುವುದರೊಳಗೆ ಸಹಿ ಮಾಡದಿದ್ದರೆ ಕೆಲಸ ಮುಂದಿನವರ ಪಾಲು. ಗಂಡ ಬಿಟ್ಟುಹೋದ ಮೇಲೆ ತವರಿನಲ್ಲಿದ್ದುಕೊಂಡು, ಮಾತು ಕೇಳಿಸಿಕೊಂಡು, ಟ್ರೈನಿಂಗ್ ಮುಗಿಸಿದ್ದರು. ಬೆಳಿಗ್ಗೆ ಕೋಣೆಯ ಬಾಗಿಲಿಗೆ ಬಂದು ನಿಂತರು.

"ತಮ್ಮಾ, ಮಲೇಬೆನ್ನೂರು ಮ್ಯಾಲೆ ಹೋದ್ರೆ ಸುತ್ತು, ಲೇಟಾಗುತ್ತೇನೋ ಅಂತ ಭಯ. ಹರಿಹರದ ದಾರಿ ಹೆಂಗೈತೆ?"

"ಸ್ಟ್ಯಾಂಡಿನಾಗೆ ಕೂತಿರಿ ಅಕ್ಕ, ಹಾರ್ನಿನಾಗೆ ಹೇಳ್ತೀನಲ್ಲ" ಎಂದೆ, ದೊಡ್ಡ ಮನುಷ್ಯನ ಹಾಗೆ.

ಮೊದಲ ಸಲ ಹರಿಹರದಿಂದ ಬಂದ ಲಾರಿಯವನನ್ನು ಕೇಳಿ ಹೇಳಿದೆ: "ದಾವಣಗೆರೆಯಲ್ಲಿ ಜಿಟಿಜಿಟಿ ಮಳೆ, ಗಾಳಿ ಕಡಿಮೆ. ಹರಿಹರದ ಸೇತುವೆಯ ಮೇಲೆ ಸಂಚಾರ ಎಂದಿನಂತೆ. ಹೊಳೆದಂಡೆಯ ಹಳ್ಳದಲ್ಲಿ ಮೊಣಕಾಲುದ್ದ ನೀರು. ವಾಹನಗಳು ನಿಧಾನವಾಗಿ ದಾಟುತ್ತಿವೆ."

ಎರಡನೆಯ ಸಲವೂ ಹೋಗಿ ಬಂದೆ. ಹರಿಹರದ ಕಡೆಯವನೊಬ್ಬ ಹಾಗೇ ಇದೆ ಎಂದ. ಮಾತು ತಿರುಗಿಸಿದೆ: "ಮಳೆ ಸ್ವಲ್ಪ ಬಿರುಸಾಗಿದೆ. ನಂದಿಗುಡಿ ಕಡೆಗೆ ಹೋಗುವವರು ಹಳ್ಳದ ಬಳಿ ಜಾಗ್ರತೆ, ದಾರಿ ತೆರೆದಿದೆ. ಸೇತುವೆಗೆ ತೊಂದರೆಯಿಲ್ಲ."

ಮೂರನೆಯ ಹೊತ್ತಿಗೆ ಮಳೆ ಕೊಡ ಸುರಿದಂತೆ ಬಂತು. ಅಂಗಿ ಒದ್ದೆಯಾಗಿತ್ತು, ಚಹಾ ಬಿಸಿಯಿತ್ತು. ಪಾರ್ಕು ದಾಟಿ ಹೋಗಿದ್ದರೆ ನಂದಿಗುಡಿಯ ಬಸ್ಸು ಬಂದು ನಿಂತಿರುವುದು ಕಾಣುತ್ತಿತ್ತು. ನಾನು ಹೋಗಲಿಲ್ಲ. ಹಳೆಯ ಸುದ್ದಿಗೇ ಹೊಸ ಅಂಗಿ ತೊಡಿಸಿದೆ: "ಈಗ ಬಂದ ವರ್ತಮಾನ. ಹರಿಹರ–ನಂದಿಗುಡಿ ದಾರಿಯಲ್ಲಿ ಹಳ್ಳ ದಾಟಲು ಅಡ್ಡಿಯಿಲ್ಲ. ಊರಿನಲ್ಲಿ ಜೋರು ಮಳೆ, ಛತ್ರಿ ಮರೆಯಬೇಡಿ."

ಛತ್ರಿಯ ಮಾತು ಬಹಳ ಚೆನ್ನಾಗಿ ಬಂತೆಂದು ನನಗೇ ಸಂತೋಷವಾಯಿತು.

ಅಕ್ಕ ಆಗಲೇ ಮಲೇಬೆನ್ನೂರಿನ ಬಸ್ಸಿನಲ್ಲಿ ಕುಳಿತಿದ್ದರಂತೆ. "ಈಗ ಬಂದ ವರ್ತಮಾನ" ಎಂದು ಕೇಳಿ ಇಳಿದು, ಹೊರಟು ನಿಂತಿದ್ದ ಹರಿಹರದ ಬಸ್ಸು ಹತ್ತಿದರು. ಹರಿಹರದಲ್ಲಿ ಇಳಿದು ಒಂದು ಎತ್ತಿನ ಗಾಡಿ ಹಿಡಿದು ಹಳ್ಳದವರೆಗೆ ಹೋದರು. ದಾರಿಯೇ ಕಾಣದ ಹಾಗೆ ನೀರು ಹರಿಯುತ್ತಿತ್ತು. ಗಾಡಿಯವನು ಎತ್ತುಗಳನ್ನು ಇಳಿಸಲು ಒಪ್ಪಲಿಲ್ಲ. ಆಚೆ ದಡದಲ್ಲಿ ಕೊಕ್ಕನೂರಿನ ಕಡೆಯ ಜನ ನಿಂತು ಕೈಬೀಸಿ ಬರಬ್ಯಾಡ ಎನ್ನುತ್ತಿದ್ದರಂತೆ. ಹೊತ್ತು ಮೀರುವವರೆಗೂ ದಡದಲ್ಲೇ ನಿಂತು ಅಕ್ಕ ವಾಪಸ್ಸು ಬಂದರು. ಕೆಲಸ ಹೋಯಿತು.

ಮರುದಿನ ಅವರು ಬಂದಾಗ ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ.

"ನಿನ್ನ ಮಾತು ಕೇಳಿ ಇಳಿದೆ ತಮ್ಮಾ. ನಿಂಗೆ ಯಾರು ಹೇಳಿದ್ರು, ದಾರಿ ಐತೆ ಅಂತ?"

ಕೇಳಲು ಹೋಗದೆ ಚಹಾ ಕುಡಿಯುತ್ತಿದ್ದೆ ಎಂದು ಅವರೆದುರು ಹೇಳಲಾಗಲಿಲ್ಲ. "ನಂದಿಗುಡಿ ಬಸ್ಸಿನ ಡ್ರೈವರ್ ಹೇಳಿದ್ರು" ಎಂದುಬಿಟ್ಟೆ.

ಅಕ್ಕನ ತಂದೆ ನೇರವಾಗಿ ಬಸ್ಸಿನ ಸಾಹುಕಾರರ ಹತ್ತಿರ ಹೋದರು. ನನ್ನನ್ನೂ ಬುಕಿಂಗ್ ಕೋಣೆಗೆ ಕರೆಸಿದರು. ಡ್ರೈವರ್ ಬಾಗಿಲ ಬಳಿ ನಿಂತಿದ್ದರು, ಟವೆಲ್ಲು ಹೆಗಲ ಮೇಲೆ.

"ಸಾವ್ಕಾರ್ರೆ, ಕೊನೆಗೆ ಹಳ್ಳ ದಾಟಿದ ಬಸ್ಸು ನಂದೇ. ಎಂಜಿನ್ನಿಗೆ ನೀರು ಬಂದಿತ್ತು. ಇನ್ ಮ್ಯಾಲೆ ಯಾರನ್ನೂ ಬಿಡಬ್ಯಾಡ್ರಿ ಅಂತ ಈ ಹುಡುಗನಿಗೆ ಹೇಳೋಕೆ ಸ್ಟ್ಯಾಂಡಿನಾಗೆ ಕಾದೆ. ಬರ್ಲಿಲ್ಲ. ಮಳೆ ಅಂತ ತಡ ಆಗೈತೇನೋ ಅನ್ಕಂಡೆ" ಎಂದರು.

"ಆಮೇಲೆ ಹಾರ್ನಿನಾಗೆ ಬಂದದ್ದು ಕಿವಿಗೆ ಬೀಳ್ಲಿಲ್ವಾ?" ಸಾಹುಕಾರರು ಕೇಳಿದರು.

"ಬಸ್ಸಿನ ಅಡಿಗೆ ಹೋಗಿದ್ದೆ, ಬ್ರೇಕ್ ನೋಡೋಕೆ. ಮಳೆ ಸಪ್ಪಳದಾಗೆ ಏನ್ ಕೇಳುತ್ತೆ?"

ಸಾಹುಕಾರರು ನನ್ನ ಕಡೆ ತಿರುಗಿದರು. "ಏನಪ್ಪಾ, ಇವನು ನಿಂಗೆ ಸಿಕ್ಕಿದ್ನೋ ಇಲ್ವೋ?"

ಡ್ರೈವರ್ ನನ್ನನ್ನೇ ನೋಡುತ್ತಿದ್ದರು. ಕೋಪದಿಂದಲ್ಲ. ಈಗ ಹೇಳುತ್ತಾನೆ, ಮುಗಿಯುತ್ತದೆ ಎಂಬ ಭರವಸೆಯಿಂದ.

"ಸಿಕ್ಕಿದ್ರು. ದಾರಿ ಐತೆ ಅಂದ್ರು" ಎಂದೆ.

ಅವರು ಟವೆಲ್ಲನ್ನು ಹೆಗಲಿಂದ ತೆಗೆದು ಕೈಗೆ ಸುತ್ತಿಕೊಂಡರು. "ಇರ್ಲಿ ಬಿಡ್ರಿ. ಮೈಕಿನಾಗೆ ಬಂದ ಮಾತಿನ ಮುಂದೆ ನಂದ್ಯಾರು ಕೇಳ್ತಾರೆ" ಎಂದು ಹೊರಗೆ ಹೋದರು.

ಅವರನ್ನು ಚಿತ್ರದುರ್ಗದ ಲೈನಿಗೆ ಹಾಕಿದರು. ಅವರ ಮನೆ ನಂದಿಗುಡಿಯಲ್ಲೇ ಇತ್ತು, ರಾತ್ರಿ ಅಲ್ಲಿ ತಂಗುವ ಬಸ್ಸು ಅದಕ್ಕೇ ಅವರಿಗೆ ಬೇಕಿತ್ತು ಎನ್ನುವುದು ನನಗೆ ತಿಳಿದದ್ದು ಆಮೇಲೆ.

ಅಕ್ಕನಿಗೆ ಮುಂದೆ ಬೇರೆ ಊರಿನ ಶಾಲೆಯಲ್ಲಿ ಕೆಲಸವಾಯಿತು. ಅವರ ನಿವೃತ್ತಿಯ ಹೊತ್ತಿಗೆ ಮನೆಗೆ ಹೋಗಿ ಎಲ್ಲ ಹೇಳಿಕೊಂಡೆ. ಅವರು, "ನನಗೆ ಹೇಳಿ ಏನುಪಯೋಗ? ಆ ಮನುಷ್ಯನ ಹತ್ರ ಹೋಗಿದ್ಯಾ?" ಎಂದರು.

ಹೋಗಿರಲಿಲ್ಲ. ಆ ಡ್ರೈವರ ಬಸ್ಸು ಸ್ಟ್ಯಾಂಡಿನಲ್ಲಿ ಕಂಡಾಗಲೆಲ್ಲ ಪಾರ್ಕಿನ ಇನ್ನೊಂದು ಗೇಟಿನಿಂದ ಹೋಗುತ್ತಿದ್ದೆ. ಕೊನೆಗೊಂದು ದಿನ ನಂದಿಗುಡಿಗೆ ಹೊರಟೆ, ಅಷ್ಟರಲ್ಲಿ ತೀರಿಕೊಂಡಿದ್ದರು. ನಾನು ಕ್ಷಮೆ ಕೇಳದೆ ಉಳಿದದ್ದು ಅವರೊಬ್ಬರನ್ನೇ: ಆ ಮಳೆಯಲ್ಲಿ ನಿಜವಾದ ಸುದ್ದಿ ಹಿಡಿದು ನನಗಾಗಿ ಕಾದು ನಿಂತಿದ್ದ ನಂದಿಗುಡಿ ಬಸ್ಸಿನ ಡ್ರೈವರ್.