ಸಮ ಬಂದರೆ ಅವರೆಕಾಳು

ನಮ್ಮೂರಿನಲ್ಲಿ ಶಾಲೆ ಶಾಲೆಗೂ ಕ್ವಿಜ್ ಹುಚ್ಚು ಹಿಡಿದಿದ್ದ ಕಾಲ. ನಾನು ಚಾಮರಾಜನಗರದ ಒಂದು ಶಾಲೆಯಲ್ಲಿ ಆಯಾ. ಕಸ ಗುಡಿಸುವುದು, ಬೆಲ್ ಹೊಡೆಯುವುದು, ಮೇಷ್ಟ್ರುಗಳಿಗೆ ಟೀ ತರುವುದು. ಅಲ್ಲೇ ಏಳನೇ ಕ್ಲಾಸಿನಲ್ಲಿ ನನ್ನ ಮೊಮ್ಮಗಳು. ಆ ವರ್ಷ ಫೈನಲ್ ನಮ್ಮ ಶಾಲೆಯಲ್ಲೇ, ಎದುರಾಳಿ ಗುಂಡ್ಲುಪೇಟೆಯವರು. ಗೆದ್ದವರು ಮೈಸೂರಿಗೆ ಹೋಗುವುದು. ಮೊಮ್ಮಗಳು ನಮ್ಮ ತಂಡದಲ್ಲಿದ್ದಳು, ಮೈಸೂರಿಗೆಂದು ಆಗಲೇ ಲಂಗ ಇಸ್ತ್ರಿ ಮಾಡಿಸಿಟ್ಟಿದ್ದಳು.

ಎರಡು ತಂಡಕ್ಕೂ ಅಂಕ ಸಮ ಬಂದರೆ ಏನು ಮಾಡುವುದು ಎಂದು ಸ್ಟಾಫ್ ರೂಮಿನಲ್ಲಿ ಒಂದು ವಾರ ಜಗಳ. ಹೆಡ್‌ಮಾಸ್ಟರಿಗೆ, ಮೊದಲು ಕೈ ಎತ್ತಿದವರಿಗೆ ಪ್ರಶ್ನೆ ಕೊಡಬೇಕು ಅಂತ.

"ಯಾರು ಮೊದ್ಲು ಎತ್ತುದ್ರು ಅಂತ ನೋಡೋರು ಯಾರು ಸಾರ್? ನೀವೇನಾ?" ಎಂದರು ಗಣಿತದ ಮೇಡಂ. ಆ ಹೆಂಗಸು ಯಾರಿಗೂ ಬಗ್ಗುವವರಲ್ಲ.

ಹಾಗಾದರೆ ತಂಡಕ್ಕೊಂದು ಪ್ರಶ್ನೆ ಅಂದರು ಹೆಡ್‌ಮಾಸ್ಟರು. ಒಬ್ಬರಿಗೆ ಸುಲಭದ್ದು, ಒಬ್ಬರಿಗೆ ಕಷ್ಟದ್ದು ಬಿದ್ದರೆ? ಇಬ್ಬರಿಗೂ ಒಂದೇ ಪ್ರಶ್ನೆ ಕೊಟ್ಟು ಸ್ಲೇಟಿನಲ್ಲಿ ಬರೆಸಿದರೆ ಇಬ್ಬರೂ ಸರಿ ಬರೆದು ಮತ್ತೆ ಸಮ ಬರಬಹುದು. ಕೊನೆಗೆ ಮೇಡಂ ಹೇಳಿದ್ದು: ಅಂಕಿಯ ಉತ್ತರ ಇರುವ ಪ್ರಶ್ನೆ ಕೇಳಿ, ಹತ್ತಿರ ಬಂದವರು ಗೆದ್ದರು ಅನ್ನೋಣ. ತಕ್ಷಣ ಸಮಾಜದ ಮೇಷ್ಟ್ರು, "ಒಂದು ಮೂಟೆ ಈರುಳ್ಳಿ ಎಷ್ಟು ತೂಕ ಅಂತ ಕೇಳಿ" ಅಂದರು. ಆ ಮೇಷ್ಟ್ರ ಸ್ವಂತ ಊರೇ ಗುಂಡ್ಲುಪೇಟೆ! ಅಲ್ಲಿನ ಮಕ್ಕಳು ಈರುಳ್ಳಿ ಲಾರಿ ನೋಡಿಕೊಂಡೇ ಬೆಳೆಯುವುದು.

ಆಮೇಲೆ ಯಾವ ಊರಿಗೂ ಸೇರದ ಪ್ರಶ್ನೆ ಸಿಕ್ಕಿತು. ಗಾಜಿನ ಭರಣಿ ತುಂಬ ಒಣ ಅವರೆಕಾಳು, ಎಷ್ಟಿವೆ ಹೇಳಿ. ಆದರೆ ಎಣಿಸುವವರು ಯಾರು? ಡಿಗ್ರಿ ಮಾಡಿದವರು ಕಾಳು ಎಣಿಸುತ್ತಾರೆಯೇ? ಮೇಡಂ ಅತ್ತ ಹೋದದ್ದೇ ತಡ, ಹೆಡ್‌ಮಾಸ್ಟರು ನನ್ನ ಮುಂದೆ ಭರಣಿ ಸುರಿದರು. ಹತ್ತು ಹತ್ತರ ಗುಡ್ಡೆ ಮಾಡಿ ಎಣಿಸಿ ಹೇಳಿದೆ. ಮೊಮ್ಮಗಳಿಗೆ ಹೇಳಲಿಲ್ಲ. ಅವಳು ಕೇಳಲೂ ಇಲ್ಲ.

ಫೈನಲ್ ದಿನ ಅಂಕ ಸಮ ಬಂದೇ ಬಿಟ್ಟಿತು. ಹೆಡ್‌ಮಾಸ್ಟರು ಮದುವೆ ಗಂಡಿನ ಹಾಗೆ ಭರಣಿ ಹಿಡಿದು ವೇದಿಕೆಗೆ ಬಂದರು.

"ಎಣ್ಸಿದ್ದು ಯಾರು ಸಾರ್?" ಎಂದರು ಗುಂಡ್ಲುಪೇಟೆಯ ಮೇಷ್ಟ್ರು.

"ನಮ್ ಆಯಾ! ಒಂದು ಕಾಳೂ ಹೆಚ್ಚುಕಮ್ಮಿ ಇಲ್ಲ."

ಮೇಡಂ ಹಣೆ ಚಚ್ಚಿಕೊಂಡರು. "ಸಾರ್, ಆ ಮಗು ಇವ್ರ ಮೊಮ್ಮಗಳು."

"ಹೌದಾ? ನಂಗೊತ್ತೇ ಇರ್ಲಿಲ್ಲ!" ಅಂದರು ಹೆಡ್‌ಮಾಸ್ಟರು. ದಿನಾ ಮಧ್ಯಾಹ್ನ ಅವರ ಕಿಟಕಿ ಕೆಳಗೇ ಕೂತು ಇಬ್ಬರೂ ಒಂದೇ ಡಬ್ಬದಲ್ಲಿ ಉಣ್ಣುತ್ತಿದ್ದೆವು. ಟೀ ಲೋಟಕ್ಕೆ ಮೊಮ್ಮಕ್ಕಳಿರುತ್ತಾರೆ ಅಂತ ಯಾರಿಗೆ ಹೊಳೆಯುತ್ತದೆ?

ಸಭೆಯಲ್ಲಿದ್ದವರೆಲ್ಲ ನನ್ನನ್ನು ಬಿಟ್ಟು ಅವಳನ್ನು ನೋಡಿದರು. ಅವಳು ತಲೆ ತಗ್ಗಿಸಿದಳು. ನನಗೆ ಮೈ ಉರಿಯಿತು.

ಗುಂಡ್ಲುಪೇಟೆಯ ಮೇಷ್ಟ್ರು, "ನಾನು ನಾಲ್ಕು ಹಿಡಿ ತೆಗ್ದುಬುಡ್ತೀನಿ, ಸರಿಹೋಯ್ತದೆ" ಅಂದರು.

"ಮೂಲದ ಲೆಕ್ಕ ಗೊತ್ತಿದ್ರೆ ಉಳಿದಿದ್ದನ್ನ ಅಂದಾಜು ಮಾಡೋದು ಸುಲಭ ಸಾರ್. ಆ ಭರಣಿನೇ ಬೇಡ" ಎಂದು ಮೇಡಂ ನೀರು ಕುಡಿಯುವ ಗಾಜಿನ ಲೋಟ ಒರೆಸಿ ಕೊಟ್ಟರು. "ಇದಕ್ಕೆ ನೀವೇ ಕಾಳು ತುಂಬ್ಸಿ. ಇದನ್ನ ಯಾರೂ ಎಣ್ಸಿಲ್ಲ. ಮಕ್ಳು ಬರೆದ ಮೇಲೆ ನಾವಿಬ್ರೂ ಎಲ್ಲರ ಮುಂದೆ ಎಣಿಸೋಣ. ಹೆಚ್ಚಾಗ್ಲಿ ಕಮ್ಮಿಯಾಗ್ಲಿ, ಹತ್ತಿರ ಬಂದವ್ರು ಗೆದ್ರು. ಅದೂ ಸಮ ಬಂದ್ರೆ ಇನ್ನೊಂದು ಸಲ ಬೇರೆ ಲೋಟ." ಎರಡು ಕಡೆಯವರೂ ಹೂಂ ಅಂದರು.

ತಂಡಕ್ಕೊಂದು ಸ್ಲೇಟು. ಬರೆದು ಬೋರಲು ಹಾಕಿ, ಒಟ್ಟಿಗೇ ತಿರುಗಿಸಿದರು. ನಮ್ಮವರು ನಾನೂರ ಐವತ್ತು, ಅವರು ಮುನ್ನೂರು. ಎಣಿಸಿದರೆ ಮುನ್ನೂರ ಅರವತ್ತು. ಗುಂಡ್ಲುಪೇಟೆ ಗೆದ್ದಿತು.

"ಮುನ್ನೂರು ದಾಟಿದೆ ತಾನೇ? ದಾಟಿದೆ ಅಂದೋರು ನಮ್ಮವ್ರೇ!" ಅಂತ ಹೆಡ್‌ಮಾಸ್ಟರು ಕೊಸರಿದರು. ಮೊದಲೇ ಒಪ್ಪಿದ್ದ ಮಾತನ್ನು ಮೇಡಂ ಇನ್ನೊಮ್ಮೆ ಮೈಕಿನಲ್ಲಿ ಹೇಳಿದ ಮೇಲೆ ಕೂತರು. ಆಮೇಲೆ ಜಗಲಿಯಲ್ಲಿ ನನ್ನನ್ನು ತಡೆದು, "ಏನಜ್ಜಿ, ಭರಣೀಲಿ ಎಷ್ಟು ಕಾಳು ಅಂತ ಮುಂಚೇನೇ ಆ ಮಗು ಕಿವೀಲಿ ಹಾಕಿದ್ದಿದ್ರೆ ಲೋಟದ ಅಂದಾಜೂ ಸಿಕ್ಕಿ ನಾವೇ ಗೆಲ್ತಿದ್ವಿ" ಅಂದರು. ಗೋಡೆಯ ಮೇಲೆ 'ಸತ್ಯವನ್ನೇ ನುಡಿ' ಅಂತ ಬರೆಸಿದವರೂ ಅವರೇ.

"ಸಾ, ನನ್ ಮೊಮ್ಮಗಳು ಯಾರು ಅಂತ್ಲೇ ನಿಮ್ಗೊತ್ತಿರ್ನಿಲ್ವಲ್ಲ" ಅಂದೆ. ದಾರಿ ಬಿಟ್ಟರು.

ಮನೆಗೆ ಹೋಗುವಾಗ ಮೊಮ್ಮಗಳು ಕೇಳಿದಳು: "ಅಜ್ಜಿ, ನೀನು ನಂಗೆ ಯೋಳ್ಕೊಟ್ಟಿದ್ದೀಯ ಅಂತ ಅಂದ್ಕಂಡ್ರಾ ಅವ್ರು?"

"ಅಂದ್ಕಂಡ್ರು ಕಣಮ್ಮಿ."

"ಈಗ್ಲೂವಾ?"

"ಈಗ ಸೋತಿದ್ದೀಯಲ್ಲ. ಇನ್ ಅನ್ನಕ್ಕಿಲ್ಲ."

"ಗೆದ್ದಿದ್ರೆ?"

"ಬಿರ್ನೆ ನಡಿ, ಕತ್ಲಾಯ್ತದೆ" ಅಂದೆ.