ಯಾರದೂ ಅಲ್ಲದ ಅಂಗಿ

ನಮ್ಮಕ್ಕ ಒಂಬತ್ತು ವರ್ಷ ಆಸ್ಪತ್ರೆಯೊಂದರ ಲಾಂಡ್ರಿ ನೋಡಿಕೊಂಡವಳು. ಒಂದು ಹೊದಿಕೆ ಕಾಣೆಯಾದರೂ ಯಾವ ವಾರ್ಡಿನ ಯಾವ ಮಂಚದ್ದು ಎಂದು ಹೇಳುತ್ತಿದ್ದಳು. ಆಸ್ಪತ್ರೆಯವರು ಆ ಕೆಲಸವನ್ನು ಹೊರಗಿನವರಿಗೆ ಗುತ್ತಿಗೆ ಕೊಟ್ಟರು. ಅಕ್ಕ ಮನೆಯಲ್ಲಿ ಕೂತಳು. ನಾಲ್ಕು ತಿಂಗಳಲ್ಲಿ ತನ್ನ ಮನೆಯ ಕಪಾಟುಗಳನ್ನೆಲ್ಲ ಮೂರು ಸಲ ಜೋಡಿಸಿ, ಕೊನೆಗೆ ನನ್ನ ಮನೆಗೆ ಬಂದು ನನ್ನ ಕಪಾಟಿಗೂ ಕೈಹಾಕಿದಳು. ಆ ಹೊತ್ತಿಗೇ ನಾನು ನಮ್ಮ ಕಂಪನಿಗೆ ಅವಳ ಹೆಸರು ಕೊಟ್ಟೆ.

ನಮ್ಮದು ಸ್ಟಾರ್ಟಪ್. ಆ್ಯಪಿನಲ್ಲಿ ಹೇಳಿದರೆ ಮನೆಗೆ ಬಂದು ಬಟ್ಟೆ ಒಯ್ದು, ಒಗೆಸಿ, ಇಸ್ತ್ರಿ ಮಾಡಿಸಿ ತಂದುಕೊಡುತ್ತೇವೆ. ಆ ಆ್ಯಪ್ ಬರೆಯುವವಳು ನಾನು. ಖಾಲಿಯಿದ್ದ ಹುದ್ದೆಯ ಹೆಸರು 'ಆಪರೇಷನ್ಸ್ ರಾಕ್‌ಸ್ಟಾರ್'.

"ಅಂದ್ರೆ ಏನ್ ಮಾಡ್ಬೇಕು?" ಅಂದಳು ಅಕ್ಕ.

"ಎಲ್ಲಾ."

"ಎಲ್ಲಾ ಅಂದ್ರೆ?"

"ಅಯ್ಯೋ, ಅಲ್ಲಿ ಹೀಗೆಲ್ಲ ಕೇಳ್ಬೇಡ ಮಾರಾಯ್ತಿ! ಅವರು ಹೇಳಿದ್ದಕ್ಕೆಲ್ಲ ಹೂಂ ಅನ್ನು."

ಆದರೆ ಒಂದಕ್ಕೆ ಅವಳು ಹೂಂ ಅನ್ನುವಂತಿರಲಿಲ್ಲ. ಭಾವ ಬಸ್ ಚಾಲಕ, ಸಂಜೆ ಪಾಳಿ. ಆರು ವರ್ಷದ ಮಗಳನ್ನು ನೋಡಿಕೊಳ್ಳುವ ಡೇಕೇರ್‌ನವರು ಏಳಕ್ಕೆ ಬಾಗಿಲು ಹಾಕುತ್ತಿದ್ದರು. ಅಕ್ಕ ಆರಕ್ಕೆ ಹೊರಡಲೇಬೇಕು. ನಮ್ಮ ಆಫೀಸಿನಲ್ಲಿ ಆರಕ್ಕೆ ಕುರ್ಚಿಯಿಂದ ಎದ್ದವರನ್ನು ಜ್ವರ ಬಂತಾ ಎಂದು ವಿಚಾರಿಸುತ್ತಿದ್ದರು.

ಸಂದರ್ಶನ ಗಾಜಿನ ಕೋಣೆಯಲ್ಲಿ. ಅದರ ಗೋಡೆ ಛಾವಣಿಯವರೆಗೆ ಹೋಗದ ಕಾರಣ ಒಳಗಿನ ಪಿಸುಮಾತೂ ನನ್ನ ಮೇಜಿಗೆ ಕೇಳುತ್ತಿತ್ತು. ಕಂಪನಿ ಕಟ್ಟಿದ ಮೂವರೂ ಅಕ್ಕನ ಎದುರು ಕೂತರು. ಕೆಲಸವೇನು ಅಂತ ಅವಳು ಕೇಳಿಯೇಬಿಟ್ಟಳು. ನಾನು ತಲೆಮೇಲೆ ಕೈಹೊತ್ತುಕೊಂಡೆ.

ಲೆಕ್ಕ ನೋಡುವವನು, ಗಿರಾಕಿಗಳ ದೂರು ವಿಚಾರಿಸುವುದು ಅಂದ. ಆ್ಯಪ್ ನೋಡುವವನು, ಒಗೆಯುವ ಅಂಗಡಿಗಳನ್ನು ಹುಡುಕುವುದು ಅಂದ. ಮೂರನೆಯವನು, ಗಡ್ಡದವನು, ಜನರನ್ನು ಸೇರಿಸಿಕೊಂಡು ತಂಡ ಕಟ್ಟುವುದು ಅಂದ. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ನೋಡಿ ಮೇಡಂ, ಇಲ್ಲಿ ಸ್ವಲ್ಪ ಅಸ್ಪಷ್ಟತೆ ಇರುತ್ತೆ," ಅಂದ ಲೆಕ್ಕದವನು. "ಓನರ್‌ಶಿಪ್ ಮುಖ್ಯ. ನಮ್ಮಲ್ಲಿ ಎಲ್ಲದಕ್ಕೂ ಎಲ್ಲರೂ ಓನರ್."

ಅಕ್ಕ ಬಾಗಿಲ ಕಡೆ ಕೈತೋರಿಸಿದಳು. "ಹಾಗಾದ್ರೆ ಆ ಅಂಗಿ ಯಾರದು?"

ಬಾಗಿಲ ಹಿಂದೆ ಕೊಕ್ಕೆಗೆ ಒಂದು ನೀಲಿ ಅಂಗಿ ನೇತಾಡುತ್ತಿತ್ತು. ದಿನಾ ನೋಡಿ ನೋಡಿ ಅದು ನಮಗೆ ಗೋಡೆಯ ಬಣ್ಣವೇ ಆಗಿಹೋಗಿತ್ತು.

"ನಿಂದಲ್ವಾ?" ಲೆಕ್ಕದವನು ಗಡ್ಡದವನನ್ನು ಕೇಳಿದ.

"ನಂದಲ್ಲಪ್ಪ, ನಿಂದು ಅಂದ್ಕೊಂಡಿದ್ದೆ."

ಅಕ್ಕ ಎದ್ದು ಹೋಗಿ ಕಾಲರಿನ ಚೀಟಿ ಓದಿ, ಗಾಜಿನ ಆಚೆಯಿಂದ ನನಗೆ ಆರ್ಡರ್ ಸಂಖ್ಯೆ ಕೂಗಿದಳು. ಹುಡುಕಿದೆ. ಗಿರಾಕಿಯೊಬ್ಬರದು. ತಲುಪಿಸಬೇಕಾದ ದಿನ ಕಳೆದು ಹತ್ತೊಂಬತ್ತು ದಿನ. ಐದು ಸಲ ದೂರು ಕೊಟ್ಟಿದ್ದರು, ಐದಕ್ಕೂ ಬೇರೆ ಬೇರೆಯವರು 'ನೋಡುತ್ತಿದ್ದೇವೆ' ಅಂತ ಉತ್ತರ ಬರೆದಿದ್ದರು. ಒಂದು ನನ್ನದೇ.

"ನೋಡ್ತಾನೇ ಇದ್ರಲ್ಲ, ದಿನಾ," ಅಂದಳು ಅಕ್ಕ.

ಗಡ್ಡದವನು ಕೆಮ್ಮಿ ಮಾತು ತಿರುಗಿಸಿದ. "ಸಂಬಳ ಸ್ವಲ್ಪ ಕಡಿಮೆ, ಆದ್ರೆ ನಾಲ್ಕು ಸಾವಿರ ಸ್ಟಾಕ್ ಆಪ್ಷನ್ ಕೊಡ್ತೀವಿ."

"ಒಟ್ಟು ಎಷ್ಟು ಷೇರಿವೆ?"

"ಎಲ್ಲಾ ಸೇರಿ... ಎಂಬತ್ತು ಲಕ್ಷ."

"ಎರಡು ಸಾವಿರದಲ್ಲಿ ಒಂದು ಪಾಲು. ಮಧ್ಯೆ ಬಿಟ್ಟು ಹೋದ್ರೆ?"

"ವರ್ಷ ತುಂಬೋಕ್ಕೆ ಮುಂಚೆ ಏನೂ ಇಲ್ಲ. ತುಂಬಿದ್ರೆ ಕಾಲು ಭಾಗ, ಉಳಿದದ್ದು ಮೂರು ವರ್ಷ ತಿಂಗಳು ತಿಂಗಳು. ಅದೂ ಕೊಳ್ಳೋ ಹಕ್ಕು ಅಷ್ಟೆ, ದುಡ್ಡು ಕೊಟ್ಟು ಕೊಳ್ಬೇಕು."

ನನಗಿದ್ದದ್ದು ಮೂರು ಸಾವಿರ. ಒಂದು ದಿನವೂ ಒಟ್ಟು ಎಷ್ಟು ಎಂದು ಕೇಳಿರಲಿಲ್ಲ. ಅದರ ಭರವಸೆಯ ಮೇಲೆ ಅಕ್ಕನ ಮಗಳಿಗೆ ಈಜುಕೊಳವಿರುವ ಮನೆ ಕಟ್ಟಿಸುತ್ತೇನೆ ಅಂತ ಮಾತು ಕೊಟ್ಟಿದ್ದೆ.

"ನಾನು ಆರಕ್ಕೆ ಹೊರಡ್ತೀನಿ," ಅಂದಳು ಅಕ್ಕ.

"ಇಲ್ಲಿ ಯಾರೂ ಗಡಿಯಾರ ನೋಡಲ್ಲ ಮೇಡಂ," ಅಂದ ಲೆಕ್ಕದವನು.

"ನಿನ್ನೆ ಆರಾದ ಮೇಲೆ ಏನ್ ಮಾಡಿದ್ರಿ?"

ಮೂವರೂ ಯೋಚಿಸಿದರು. ಕಳೆದುಹೋದ ಬಟ್ಟೆಗಳ ಬಗ್ಗೆ ಸಭೆ ನಡೆಸಿದ್ದರು. ಒಂಬತ್ತೂವರೆವರೆಗೆ. ಅದೇ ಕೋಣೆಯಲ್ಲಿ, ಅದೇ ಅಂಗಿಯ ಕೆಳಗೆ. ಆ್ಯಪಿನವನ ಫೋನ್ ಮೇಜಿನ ಮೇಲೆ ಬೆಳಗಿತು. ಪರದೆಯ ತುಂಬ ಅವನ ಎಳೆಗೂಸಿನ ಮುಖ. ಅವನು ಗಡಿಬಿಡಿಯಿಂದ ಫೋನನ್ನು ಬೋರಲು ಹಾಕಿದ.

"ದೂರು, ಕಳೆದ ಬಟ್ಟೆ ಎರಡೂ ನನಗೆ ಬಿಡಿ," ಅಂದಳು ಅಕ್ಕ. "ಅಂಗಡಿ ಹುಡುಕೋದು, ಜನ ಸೇರಿಸೋದು ನಿಮ್ಮದು. ಆರು ಗಂಟೆ ಅನ್ನೋದನ್ನೂ ಕಾಗದದಲ್ಲಿ ಬರೆದುಕೊಡಿ."

ತಿಳಿಸ್ತೀವಿ ಅಂತ ಹೇಳಿ ಅವಳನ್ನು ಕಳಿಸಿದರು. ಆ ಸಂಜೆ ನಾನು ಅವಳಿಗೆ ಚೆನ್ನಾಗಿ ಬೈದೆ. "ಕೈಗೆ ಬಂದ ಕೆಲಸ ಕಳ್ಕೊಂಡೆ. ನನ್ನ ಮಾನಾನೂ ಹೋಯ್ತು." ಅಕ್ಕ ನನ್ನ ಕಪಾಟಿನ ಕಾಲುಚೀಲಗಳಿಗೆ ಜೊತೆ ಹುಡುಕುತ್ತಿದ್ದಳು. ಅವಳಿಗೂ ಭಯವಾಗಿತ್ತು. ಒಂದೇ ಜೊತೆಯನ್ನು ಎರಡು ಸಲ ಬಿಚ್ಚಿ ಮಡಚಿದಳು.

ಮೂರನೆಯ ದಿನ ಕೆಲಸದ ಕಾಗದ ಬಂತು. ಎಲ್ಲವೂ ಬರೆದಿತ್ತು, ಆರು ಗಂಟೆಯೂ.

ಮೊದಲ ದಿನ ಬೆಳಿಗ್ಗೆಯೇ ಅಕ್ಕ ಗಿರಾಕಿಗೆ ಫೋನ್ ಮಾಡಿ, ಕ್ಷಮೆ ಕೇಳಿ, ನೀಲಿ ಅಂಗಿಯನ್ನು ಕಳಿಸಿಕೊಟ್ಟಳು. ಸಂಜೆ ಸರಿಯಾಗಿ ಆರಕ್ಕೆ ಚೀಲ ಹೆಗಲಿಗೇರಿಸಿದಳು. ಎಲ್ಲರೂ ಪರದೆಯಿಂದ ತಲೆ ಎತ್ತಿದರು. ಅವಳು ಬಾಗಿಲು ತಲುಪುವಷ್ಟರಲ್ಲಿ ಹಿಂದೆ ಕುರ್ಚಿ ಸರಿದ ಸದ್ದಾಯಿತು. ಆ್ಯಪಿನವನು ಎದ್ದು ನಿಂತಿದ್ದ, ಚೀಲವನ್ನು ಎದೆಗೆ ಅವಚಿಕೊಂಡು.

"ಅಕ್ಕಾ," ಅಂದ ನಮ್ಮ ಕಂಪನಿಯ ಮೂವರು ಯಜಮಾನರಲ್ಲೊಬ್ಬ, "ನಾನೂ ಹೊರಡ್ಲಾ?"